1.8 ಲಕ್ಷ ಸೊನ್ನೆಗಳ ಮುಂದೆ ಕ್ವಿಕ್‌ಸಾರ್ಟ್ ಯಾಕೆ ನಿಂತುಹೋಯಿತು?

ಓದುಗರ ಪ್ರಶ್ನೆ: ಸರ್, ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಸಿ++ ಕೋಡ್ ನೋಡಿಕೊಳ್ಳುತ್ತೇನೆ. ಗ್ರಾಹಕರ 2 ಲಕ್ಷ ದಾಖಲೆಗಳನ್ನು ಬಾಕಿ ಮೊತ್ತದ ಪ್ರಕಾರ ಜೋಡಿಸಲು ನಾವೇ ಬರೆದ ಕ್ವಿಕ್‌ಸಾರ್ಟ್ ಇದೆ. ಮೊದಲನೆಯದು, ನಡುವಿನದು, ಕೊನೆಯದು, ಈ ಮೂರರಲ್ಲಿ ಮಧ್ಯದ ಬೆಲೆಯನ್ನು ಪಿವಟ್ ಮಾಡುತ್ತೇವೆ. ಇಷ್ಟು ವರ್ಷ ಏನೂ ತೊಂದರೆ ಇರಲಿಲ್ಲ. ಈ ಸಲ ವಸೂಲಿ ಚೆನ್ನಾಗಿ ಆಗಿ 1.8 ಲಕ್ಷ ಜನರ ಬಾಕಿ ಸೊನ್ನೆ ಇದೆ. ರಿಲೀಸ್ ಬಿಲ್ಡ್ ಮುಗಿಯುವುದೇ ಇಲ್ಲ. ಡೀಬಗ್ ಬಿಲ್ಡ್ ಸ್ಟ್ಯಾಕ್ ತುಂಬಿ ಬಿದ್ದುಹೋಗುತ್ತದೆ. ಪಿವಟ್ ರ‍್ಯಾಂಡಮ್ ಮಾಡು ಅಂತ ಒಬ್ಬರು, ಹೀಪ್ ಸಾರ್ಟ್ ಹಾಕಿಬಿಡು ಅಂತ ಇನ್ನೊಬ್ಬರು ಹೇಳುತ್ತಾರೆ. `std::sort` ಹಾಕೋಣ ಅಂದರೆ ಅದರೊಳಗೂ ಕ್ವಿಕ್‌ಸಾರ್ಟೇ ಇದೆಯಂತೆ. ಅದೂ ಹೀಗೇ ಕೈಕೊಟ್ಟರೆ? ನಮ್ಮ ಪಾರ್ಟಿಷನ್ ಕೋಡ್ ಕಳಿಸಿದ್ದೇನೆ.

```cpp
int i = lo;
for (int j = lo; j < hi; ++j)
    if (a[j].due < pivot.due) std::swap(a[i++], a[j]);
std::swap(a[i], a[hi]);
```

ಉತ್ತರ: ಕೋಡ್ ಕಳಿಸಿದ್ದು ಒಳ್ಳೆಯದಾಯಿತು. ಕಾರಣ ಅದರ ಮೂರನೇ ಸಾಲಿನಲ್ಲೇ ಇದೆ. ಪಿವಟ್‌ಗಿಂತ ಚಿಕ್ಕದಿದ್ದರೆ ಮಾತ್ರ ಎಡಕ್ಕೆ ತಳ್ಳುತ್ತೀರಿ. ಪಿವಟ್‌ಗೆ ಸಮನಾದದ್ದು ಬಲಗಡೆಯೇ ಉಳಿಯುತ್ತದೆ. ಪಿವಟ್ ಸೊನ್ನೆ ಆದಾಗ ಸೊನ್ನೆಗಿಂತ ಚಿಕ್ಕ ಬಾಕಿ ಯಾವುದೂ ಇಲ್ಲ, ಹಾಗಾಗಿ ಎಡಗಡೆ ಖಾಲಿ. ಒಂದು ಸೊನ್ನೆ ತನ್ನ ಜಾಗಕ್ಕೆ ಬಂತು, ಉಳಿದದ್ದೆಲ್ಲ ಬಲಗಡೆ. ಮುಂದಿನ ಸುತ್ತಿನಲ್ಲೂ ಅದೇ ಕಥೆ. 2 ಲಕ್ಷ ದಾಖಲೆ ಪೂರ್ತಿ ಓದಿ ಒಂದೇ ಒಂದು ಸೊನ್ನೆ ಕಳಚಿಕೊಳ್ಳುವುದು, ಮತ್ತೆ ಮೊದಲಿನಿಂದ ಶುರು ಮಾಡುವುದು.

ಲೆಕ್ಕ ಹಾಕಿ ನೋಡಿ. 1.8 ಲಕ್ಷ ಸೊನ್ನೆಗಳನ್ನು ಒಂದೊಂದಾಗಿ ಕಳಚಲು ಹತ್ತಿರ ಹತ್ತಿರ 1,600 ಕೋಟಿ ಹೋಲಿಕೆ ಬೇಕು. ಆರೋಗ್ಯವಾಗಿರುವ ಕ್ವಿಕ್‌ಸಾರ್ಟ್‌ಗೆ ಇದೇ 2 ಲಕ್ಷ ದಾಖಲೆಗೆ 35ರಿಂದ 50 ಲಕ್ಷ ಹೋಲಿಕೆ ಸಾಕು. ರಿಲೀಸ್ ಬಿಲ್ಡ್ ಕೆಟ್ಟು ನಿಂತಿಲ್ಲ, ಆ 1,600 ಕೋಟಿಯನ್ನು ಎಣಿಸುತ್ತಾ ಕೂತಿದೆ.

ಡೀಬಗ್ ಬಿಲ್ಡ್ ಬೇರೆ ರೀತಿ ಸಾಯುವುದಕ್ಕೂ ಕಾರಣ ಇದೇ. ಬಲಭಾಗದ ಕರೆ ನಿಮ್ಮ ಫಂಕ್ಷನ್ನಿನ ಕೊನೆಯ ಸಾಲು ಅಲ್ವಾ? ಆಪ್ಟಿಮೈಸ್ ಮಾಡುವಾಗ ಕಂಪೈಲರ್ ಅದನ್ನು ಲೂಪ್ ಮಾಡಿಬಿಡುತ್ತದೆ, ಸ್ಟ್ಯಾಕ್ ಬೆಳೆಯುವುದಿಲ್ಲ. ಡೀಬಗ್‌ನಲ್ಲಿ ಆ ಉಪಕಾರ ಇಲ್ಲ. ಕರೆಯೊಳಗೆ ಕರೆ, ಹೀಗೆ 1.8 ಲಕ್ಷ ಆಳ. ಪ್ರತಿ ಕರೆಗೆ 64 ಬೈಟ್ ಅಂದುಕೊಂಡರೂ 11 ಎಂಬಿ ದಾಟುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಸ್ಟ್ಯಾಕ್ 8 ಎಂಬಿ.

ಈಗ ರ‍್ಯಾಂಡಮ್ ಪಿವಟ್ ಮಾತು. ನಿಮ್ಮ ಡೇಟಾಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಹತ್ತರಲ್ಲಿ ಒಂಬತ್ತು ದಾಖಲೆ ಸೊನ್ನೆ ಇರುವಾಗ ಪಿವಟ್ ಎಲ್ಲಿಂದ ಎತ್ತಿದರೂ ಸೊನ್ನೆಯೇ ಸಿಗುವುದು. ಪಿವಟ್ ಆರಿಸುವ ರೀತಿ ಸರಿಯಾಗಿಯೇ ಇದೆ, ಸಮನಾದವುಗಳನ್ನು ಹಂಚುವ ರೀತಿ ತಪ್ಪಿದೆ. ಇದಕ್ಕೆ ಹೋರ್ ಅವರ ಹಳೆಯ ಪಾರ್ಟಿಷನ್ನೇ ಸಾಕು. ಟೋನಿ ಹೋರ್ 1961ರಲ್ಲಿ ಕ್ವಿಕ್‌ಸಾರ್ಟ್ ಪ್ರಕಟಿಸಿದಾಗ ಕೊಟ್ಟ ದಾರಿ ಅದು. ಎಡದಿಂದ ಒಂದು ಬೆರಳು, ಬಲದಿಂದ ಒಂದು ಬೆರಳು. ಅದರ ಈಗಿನ ರೂಪದಲ್ಲಿ ಪಿವಟ್‌ಗೆ ಸಮನಾದದ್ದು ಸಿಕ್ಕರೂ ಎರಡೂ ನಿಲ್ಲುತ್ತವೆ, ಅದಲುಬದಲು ಮಾಡಿ ಮುಂದೆ ಹೋಗುತ್ತವೆ. ಸೊನ್ನೆಗೆ ಸೊನ್ನೆ ಅದಲುಬದಲು ಮಾಡುವುದು ದಂಡ ಅನ್ನಿಸಬಹುದು. ಆದರೆ ಆ ದಂಡದ ಕೆಲಸದಿಂದಲೇ ಎರಡೂ ಬೆರಳು ಅರೇಯ ನಡುವೆ ಎಲ್ಲೋ ಸಂಧಿಸುತ್ತವೆ, ಅರೇ ಸರಿಸುಮಾರು ಅರ್ಧ ಆಗುತ್ತದೆ.

ಪಾರ್ಟಿಷನ್ ಬದಲಿಸಿದರೆ ಇವತ್ತಿನ ತೊಂದರೆ ಹೋಗುತ್ತದೆ. ಅಲ್ಲಿಗೆ ಮುಗಿಯಿತೇ ಅಂದರೆ, ಇಲ್ಲ. ಮೂರರ ಮಧ್ಯದ್ದನ್ನು ಆರಿಸುವ ಉಪಾಯಕ್ಕೂ ಒಂದು ಕೆಟ್ಟ ಸಾಲು ಇದೆ, ಅದರಲ್ಲಿ ಒಂದೇ ಒಂದು ಬೆಲೆ ಕೂಡ ಎರಡು ಸಲ ಬರುವುದಿಲ್ಲ. ಡೇವಿಡ್ ಮಸ್ಸರ್ 1997ರಲ್ಲಿ ಇಂಟ್ರೋಸಾರ್ಟ್ ಬರೆದದ್ದೇ ಇಂಥ ಸಾಲನ್ನು ಎದುರಿಗಿಟ್ಟುಕೊಂಡು. 16 ಸಂಖ್ಯೆಗಳಲ್ಲಿ ತೋರಿಸುತ್ತೇನೆ, ಪೆನ್ನು ಹಿಡಿದು ಜೊತೆಗೆ ಬನ್ನಿ.

```
1 9 3 11 5 13 7 15 2 4 6 8 10 12 14 16
1 2 | 3 11 5 13 7 15 9 4 6 8 10 12 14 16
1 2 3 4 | 5 13 7 15 9 11 6 8 10 12 14 16
1 2 3 4 5 6 | 7 15 9 11 13 8 10 12 14 16
```

ಮೊದಲ ಸಾಲು ನೋಡಿ. ಮೊದಲನೆಯದು 1, ನಡುವಿನದು (ಒಂಬತ್ತನೇ ಜಾಗ) 2, ಕೊನೆಯದು 16. ಮಧ್ಯದ ಬೆಲೆ 2, ಅದೇ ಪಿವಟ್. ಎಡದ ಬೆರಳು 9ರ ಮೇಲೆ ನಿಲ್ಲುತ್ತದೆ, ಬಲದ ಬೆರಳು 2ರ ಮೇಲೆ ನಿಲ್ಲುತ್ತದೆ, ಅದಲುಬದಲು. ಎಡಗಡೆಗೆ 1 ಮತ್ತು 2 ಹೋದವು, ಉಳಿದ 14 ಬಲಗಡೆ. ಈಗ ಆ 14ರಲ್ಲಿ ಮೊದಲನೆಯದು 3, ನಡುವಿನದು 4, ಕೊನೆಯದು 16. ಪಿವಟ್ 4, ಮತ್ತೆ ಎರಡೇ ಕಳಚಿದವು. ಆಮೇಲೆ 5, 6, 16. ಆಮೇಲೆ 7, 8, 16. ಪ್ರತಿ ಸಲವೂ ನಡುವಿನ ಜಾಗಕ್ಕೆ ಎರಡನೇ ಅತಿ ಚಿಕ್ಕ ಸಂಖ್ಯೆ ಬಂದು ಕೂರುವ ಹಾಗೆ ಸಾಲನ್ನು ಹೆಣೆಯಲಾಗಿದೆ.

ಅರ್ಧ ಅರೇ ಖಾಲಿಯಾಗುವವರೆಗೆ ಹೀಗೇ ಸಾಗುತ್ತದೆ. ಇದೇ ಮಾದರಿಯಲ್ಲಿ 1 ಲಕ್ಷ ಸಂಖ್ಯೆ ಬರೆದರೆ 25,000 ಪಾರ್ಟಿಷನ್, ಒಂದೊಂದರಲ್ಲೂ ಸರಾಸರಿ 75,000 ಹೋಲಿಕೆ. ಒಟ್ಟು 187 ಕೋಟಿ ದಾಟುತ್ತದೆ. ಯಾರಾದರೂ ಬೇಕಂತಲೇ ಇಂಥ ಸಾಲು ಕೊಡುತ್ತಾರಾ ಅಂತ ನೀವು ಕೇಳಬಹುದು. ಹೊರಗಿನವರು ಅಪ್‌ಲೋಡ್ ಮಾಡುವ ಫೈಲನ್ನು ಸರ್ವರ್ ಜೋಡಿಸುತ್ತಿದ್ದರೆ ಖಂಡಿತ ಕೊಡಬಹುದು. ಡಗ್ಲಸ್ ಮೆಕಿಲ್‌ರಾಯ್ 1999ರಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಸಾಲನ್ನು ಮೊದಲೇ ಬರೆದಿಡುವ ಬದಲು, ಹೋಲಿಕೆ ಫಂಕ್ಷನ್ ಕರೆ ಬಂದಾಗಲೆಲ್ಲ ಕ್ವಿಕ್‌ಸಾರ್ಟ್‌ಗೆ ಅನುಕೂಲ ಆಗದ ಹಾಗೆ ಉತ್ತರ ಕೊಡುತ್ತಾ ಹೋಗುತ್ತದೆ. ಪಿವಟ್‌ಗೆ ಮೂರರ ಬದಲು ಒಂಬತ್ತು ಸಂಖ್ಯೆ ನೋಡಿದರೂ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಮಸ್ಸರ್ ಅವರ ದಾರಿ ಬೇರೆ. ಇನ್ನೂ ಜಾಣ ಪಿವಟ್ ಹುಡುಕುವ ಗೋಜಿಗೆ ಅವರು ಹೋಗಲಿಲ್ಲ. ಕ್ವಿಕ್‌ಸಾರ್ಟ್ ಎಷ್ಟು ಆಳಕ್ಕೆ ಇಳಿಯಿತು ಅಂತ ಸುಮ್ನೆ ಎಣಿಸುತ್ತಾ ಹೋದರು. ಮಿತಿ ಮೀರಿತೋ, ಆ ತುಂಡನ್ನು ಹೀಪ್ ಸಾರ್ಟ್ ಕೈಗೆ ಕೊಟ್ಟರು. ಜಿಸಿಸಿಯ `std::sort` ಒಳಗಿನ ಲೂಪನ್ನು ಸರಳ ಮಾಡಿದರೆ ಇಷ್ಟೇ:

```cpp
void introsort_loop(Rec* first, Rec* last, int depth) {
    while (last - first > 16) {
        if (depth == 0) {
            std::make_heap(first, last, by_due);
            std::sort_heap(first, last, by_due);
            return;
        }
        --depth;
        Rec* cut = partition_pivot(first, last);
        introsort_loop(cut, last, depth);
        last = cut;
    }
}
```

ಶುರುವಿನಲ್ಲಿ `depth`ಗೆ ಕೊಡುವ ಬೆಲೆ `2 * floor(log2(n))`. 2 ಲಕ್ಷಕ್ಕೆ ಅದು 34. ಪ್ರತಿ ಸಲ ಸರಿಯಾಗಿ ಅರ್ಧಕ್ಕೆ ಸೀಳಿದ್ದರೆ 17-18 ಆಳ ಸಾಕಿತ್ತು. ಅಂದರೆ ಕ್ವಿಕ್‌ಸಾರ್ಟ್‌ಗೆ ಎರಡು ಪಟ್ಟು ಸಲಿಗೆ ಕೊಟ್ಟ ಹಾಗಾಯಿತು. ಒಂದೆರಡು ಪಿವಟ್ ಕೆಟ್ಟದಾಗಿ ಬಂದ ಮಾತ್ರಕ್ಕೆ ಆಟ ನಿಲ್ಲಿಸಬಾರದು, ಅದು ಎಲ್ಲ ಡೇಟಾದಲ್ಲೂ ಆಗುವಂಥದ್ದೇ. ಆದರೆ ಮತ್ತೆ ಮತ್ತೆ ಕೆಟ್ಟದಾಗಿ ಬರುತ್ತಿದ್ದರೆ 34ರಲ್ಲಿ ಕೈ ಬದಲಾಗುತ್ತದೆ.

ಮಿತಿ ಲೆಕ್ಕ ಇಡುವುದು ಆಳವನ್ನು, ಪಾರ್ಟಿಷನ್‌ಗಳ ಒಟ್ಟು ಸಂಖ್ಯೆಯನ್ನಲ್ಲ. ಪ್ರತಿ ತುಂಡಿಗೂ ಅದರದೇ ಎಣಿಕೆ ಹರಿದು ಬರುತ್ತದೆ. ಹಾಗಾಗಿ ಒಂದು ಮೂಲೆಯಲ್ಲಿ ಮಾತ್ರ ಸಾಲು ಕೆಟ್ಟಿದ್ದರೆ ಆ ಮೂಲೆಯಷ್ಟೇ ಹೀಪ್ ಸಾರ್ಟ್‌ಗೆ ಹೋಗುತ್ತದೆ, ಉಳಿದದ್ದು ಕ್ವಿಕ್‌ಸಾರ್ಟ್‌ನಲ್ಲೇ ಮುಗಿಯುತ್ತದೆ. ಸ್ಟ್ಯಾಕ್ ಭಯವೂ ಇಲ್ಲಿಗೇ ಮುಗಿಯಿತು. ಕರೆಯ ಆಳ 34 ದಾಟಲು ಸಾಧ್ಯವೇ ಇಲ್ಲ, ಡೀಬಗ್ ಬಿಲ್ಡ್ ಆದರೂ ಅಷ್ಟೇ.

ಮೇಲಿನ ಕೆಟ್ಟ ಸಾಲನ್ನೇ 1 ಲಕ್ಷ ಸಂಖ್ಯೆಗೆ ಹಿಗ್ಗಿಸಿ ಇದಕ್ಕೆ ಕೊಡೋಣ. ಮಿತಿ 32. ಮೊದಲ 32 ಪಾರ್ಟಿಷನ್ ದಂಡ, ಹೆಚ್ಚೆಂದರೆ 32 ಲಕ್ಷ ಹೋಲಿಕೆ, ಕಳಚಿದ್ದು ಬರೀ 64 ಸಂಖ್ಯೆ. ಉಳಿದ 99,936 ಹೀಪ್ ಸಾರ್ಟ್‌ಗೆ ಹೋಗುತ್ತವೆ. ಹೀಪ್ ಸಾರ್ಟ್ ಹೇಗೆ ಬರೆದಿದೆ ಅನ್ನುವುದರ ಮೇಲೆ ಅದಕ್ಕೆ 17ರಿಂದ 33 ಲಕ್ಷ ಹೋಲಿಕೆ. ಎಲ್ಲ ಸೇರಿ 65 ಲಕ್ಷದೊಳಗೆ. ಅತ್ತ 187 ಕೋಟಿ. ಇದೇ ಅಳತೆಯ ಸಾಲಿನ ಮೇಲೆ ಇಂಟ್ರೋಸಾರ್ಟ್ ಹಿಡಿದ ಸಮಯ ಕ್ವಿಕ್‌ಸಾರ್ಟ್‌ನ ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಅಂತ ಮಸ್ಸರ್ ತಮ್ಮ ಲೇಖನದಲ್ಲೇ ಬರೆದಿದ್ದಾರೆ.

ನಿಮ್ಮ ಈಗಿನ ಪಾರ್ಟಿಷನ್ ಹಾಗೇ ಇಟ್ಟು, `depth` ಎಣಿಕೆ ಮಾತ್ರ ಸೇರಿಸಿದರೂ ಪ್ರೋಗ್ರಾಂ ಮುಗಿಯುತ್ತದೆ. 34 ಸುತ್ತು ವ್ಯರ್ಥ, ಆಮೇಲೆ ಹೀಪ್ ಸಾರ್ಟ್. ಆದರೆ ಅಲ್ಲಿಗೇ ಬಿಡಬೇಡಿ. ಪಾರ್ಟಿಷನ್ ಕೆಟ್ಟಿದ್ದರೆ ಪ್ರತಿ ತಿಂಗಳೂ ಅದು ಹೀಪ್ ಸಾರ್ಟ್‌ಗೆ ಬೀಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. `depth == 0` ಇರುವ ಕಡೆ ಒಂದು ಕೌಂಟರ್ ಇಡಿ, ಎಷ್ಟು ದೊಡ್ಡ ತುಂಡು ಅಲ್ಲಿಗೆ ಬಂತು ಅಂತ ಲಾಗ್ ಮಾಡಿ. ಇಪ್ಪತ್ತು ಮೂವತ್ತು ದಾಖಲೆಯ ತುಂಡು ಯಾವಾಗಲಾದರೂ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಲಕ್ಷದ ತುಂಡು ಬಂದರೆ ಪಾರ್ಟಿಷನ್ ಕಡೆ ನೋಡಿ.

ಹಾಗಾದರೆ ಮೊದಲಿನಿಂದಲೇ ಹೀಪ್ ಸಾರ್ಟ್ ಯಾಕೆ ಬೇಡ? ನಿಮ್ಮ ಸಹೋದ್ಯೋಗಿ ಹೇಳಿದ್ದು ತಪ್ಪಲ್ಲ. ಎಂಥ ಸಾಲು ಕೊಟ್ಟರೂ ಅದು ಹೆಚ್ಚು ಕಡಿಮೆ ಒಂದೇ ಸಮಯ ತೆಗೆದುಕೊಳ್ಳುತ್ತದೆ, ಹೆಚ್ಚುವರಿ ಮೆಮೊರಿಯನ್ನೂ ಕೇಳುವುದಿಲ್ಲ. ಆದರೆ ಆ ಸಮಯವೇ ಜಾಸ್ತಿ. ಹೀಪ್‌ನಲ್ಲಿ `i` ಜಾಗದಿಂದ ಕೆಳಗೆ ಇಳಿಯುವುದು ಅಂದರೆ `2i+1`ಕ್ಕೋ `2i+2`ಕ್ಕೋ ಹಾರುವುದು. ಸಾವಿರದಿಂದ ಎರಡು ಸಾವಿರಕ್ಕೆ, ಅಲ್ಲಿಂದ ನಾಲ್ಕು ಸಾವಿರಕ್ಕೆ, ಹೀಗೆ. ಅರೇ ದೊಡ್ಡದಾದಾಗ ಕೆಳಗಿನ ಹಾರಿಕೆಗಳೆಲ್ಲ ಪ್ರೊಸೆಸರ್ ಕ್ಯಾಶ್‌ನಲ್ಲಿ ಇಲ್ಲದ ಜಾಗಕ್ಕೆ ಬೀಳುತ್ತವೆ, ಪ್ರತಿ ಸಲ ಮೆಮೊರಿಗೆ ಕಾಯಬೇಕು. ಕ್ವಿಕ್‌ಸಾರ್ಟ್‌ನ ಎರಡು ಬೆರಳುಗಳು ಪಕ್ಕಪಕ್ಕದ ಜಾಗಗಳನ್ನು ಸಾಲಾಗಿ ಓದುತ್ತಾ ಹೋಗುತ್ತವೆ, ಪ್ರೊಸೆಸರ್ ಮುಂದಿನದನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ನಾನು ಅಳೆದ ಕೆಲಸಗಳಲ್ಲಿ ದೊಡ್ಡ ಅರೇಗಳ ಮೇಲೆ ಹೀಪ್ ಸಾರ್ಟ್ ಎರಡು ಮೂರು ಪಟ್ಟು ನಿಧಾನ ಆಗುವುದು ಮಾಮೂಲು. ವರ್ಷಕ್ಕೊಮ್ಮೆ ಬರುವ ಕೆಟ್ಟ ಸಾಲಿಗೆ ಹೆದರಿ ದಿನಾ ಆ ದಂಡ ಕಟ್ಟುವ ಅಗತ್ಯವಿಲ್ಲ. ಕೆಟ್ಟ ಸಾಲು ಬಂದ ದಿನ ಮಾತ್ರ ಕಟ್ಟಿದರೆ ಸಾಕು.

ಇನ್ನು ಕೋಡ್‌ನಲ್ಲಿರುವ ಆ 16. ತುಂಡು 16 ಅಥವಾ ಅದಕ್ಕಿಂತ ಚಿಕ್ಕದಾದಾಗ ಲೂಪ್ ಅದನ್ನು ಜೋಡಿಸದೆ ಹಾಗೇ ಬಿಟ್ಟುಬಿಡುತ್ತದೆ. ಅಷ್ಟು ಚಿಕ್ಕ ತುಂಡಿಗೆ ಪಿವಟ್ ಆರಿಸುವುದು, ಕರೆ ಮಾಡುವುದು ಇವೇ ಭಾರ. ಎಲ್ಲ ತುಂಡುಗಳೂ ಆದಮೇಲೆ ಇಡೀ ಅರೇ ಮೇಲೆ ಒಂದೇ ಸಲ ಇನ್ಸರ್ಷನ್ ಸಾರ್ಟ್ ಓಡಿಸುತ್ತಾರೆ. 2 ಲಕ್ಷದ ಮೇಲೆ ಇನ್ಸರ್ಷನ್ ಸಾರ್ಟ್ ಅಂದರೆ ಎದೆ ಧಸಕ್ ಅನ್ನಬಹುದು. ಆದರೆ ಈ ಹೊತ್ತಿಗೆ ಪ್ರತಿ ದಾಖಲೆಯೂ ತನ್ನ ತುಂಡಿನ ಒಳಗೇ ಇದೆ, ಸರಿಯಾದ ಜಾಗಕ್ಕೆ ಹೋಗಲು ಯಾವುದೂ 15 ಹೆಜ್ಜೆಗಿಂತ ಜಾಸ್ತಿ ಸರಿಯಬೇಕಿಲ್ಲ. 16ಕ್ಕೆ ಬದಲು 12 ಅಥವಾ 24 ಇಟ್ಟರೂ ಆಕಾಶ ಕಳಚಿ ಬೀಳುವುದಿಲ್ಲ. ದಾಖಲೆ ದೊಡ್ಡದಾಗಿದ್ದು ಸರಿಸುವುದು ದುಬಾರಿ ಆದರೆ ಚಿಕ್ಕ ಮಿತಿ ಒಳ್ಳೆಯದು, ಅಳೆದು ನೋಡಿ ಇಡಿ.

ಈ ಕೊನೆಯ ಓಟದಲ್ಲಿ ಒಂದು ಸೂಕ್ಷ್ಮ ಇದೆ. ಅದು ಗೊತ್ತಿಲ್ಲದೆ ಬಹಳ ಜನ ಏಟು ತಿನ್ನುತ್ತಾರೆ. ಇಡೀ ಅರೇಯ ಅತಿ ಚಿಕ್ಕ ಬೆಲೆ ಮೊದಲ 16 ಜಾಗಗಳಲ್ಲೇ ಎಲ್ಲೋ ಇರುತ್ತದೆ ಅಂತ ಪಾರ್ಟಿಷನ್‌ಗಳಿಂದಲೇ ಗೊತ್ತು. ಆದ್ದರಿಂದ ಮೊದಲ 16ನ್ನು ಹುಷಾರಾಗಿ ಜೋಡಿಸಿ, ಆಮೇಲಿನ ದಾಖಲೆಗಳಿಗೆ ‘ಅರೇಯ ಆರಂಭ ಬಂತಾ’ ಅನ್ನುವ ಪರೀಕ್ಷೆಯನ್ನೇ ಜಿಸಿಸಿ ಲೈಬ್ರರಿ ಕೈಬಿಡುತ್ತದೆ. ಪಾರ್ಟಿಷನ್‌ನಲ್ಲೂ ಅಷ್ಟೇ, ಪಿವಟ್‌ಗೆ ಸಮನಾದದ್ದು ಸಿಕ್ಕೇ ಸಿಗುತ್ತದೆ, ಬೆರಳು ಅಲ್ಲಿ ನಿಲ್ಲುತ್ತದೆ ಅನ್ನುವ ನಂಬಿಕೆ. ವೇಗ ಬರುವುದು ಹೀಗೆ.

ಈ ನಂಬಿಕೆ ಪೂರ್ತಿ ನಿಂತಿರುವುದು ನೀವು ಕೊಡುವ ಹೋಲಿಕೆ ಫಂಕ್ಷನ್ ಮೇಲೆ. ಅದರಲ್ಲಿ `<` ಬದಲು `<=` ಬರೆದಿರೋ, ಸೊನ್ನೆ ಮತ್ತು ಸೊನ್ನೆಯ ಹೋಲಿಕೆಗೆ ‘ಹೌದು, ಚಿಕ್ಕದು’ ಅಂತ ಉತ್ತರ ಬರುತ್ತದೆ. ಪಿವಟ್ ಸೊನ್ನೆ ಇರುವಾಗ ಬಲದ ಬೆರಳಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ಎಡಕ್ಕೆ ಸರಿಯುತ್ತಾ ಸರಿಯುತ್ತಾ ಅರೇಯ ಮೊದಲ ದಾಖಲೆಯನ್ನೂ ದಾಟಿ ಬೇರೆ ಯಾರದೋ ಮೆಮೊರಿಗೆ ಹೋಗುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, 16 ಅಥವಾ ಕಡಿಮೆ ದಾಖಲೆ ಇಟ್ಟು ಪರೀಕ್ಷೆ ಮಾಡಿದರೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಆಗ ಪಾರ್ಟಿಷನ್ ಓಡುವುದಿಲ್ಲ. ಹತ್ತು ಸಾಲಿನ ಟೆಸ್ಟ್ ಪಾಸಾಗಿ, ಗ್ರಾಹಕರ ಕಡೆ ಬಿದ್ದುಹೋಗುವ ಪ್ರೋಗ್ರಾಂಗಳಲ್ಲಿ ನಾನು ಮೊದಲು ಹುಡುಕುವುದೇ ಈ `<=`. ನಿಮ್ಮ ಹೋಲಿಕೆಗೆ ಎಲ್ಲ ಬಾಕಿಯೂ ಒಂದೇ ಆಗಿರುವ ಸಾವಿರ ದಾಖಲೆಯ ಟೆಸ್ಟ್ ಒಂದು ಇರಲಿ, ಅದನ್ನು `-fsanitize=address` ಹಾಕಿ ಓಡಿಸಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಆರಿಸುವುದು `std::sort`. ನಿಮ್ಮದೇ ಕೋಡ್ ಕಾಪಾಡಿಕೊಂಡು ಬರಲು ವಿಶೇಷ ಕಾರಣ ಇಲ್ಲದಿದ್ದರೆ ಅದನ್ನು ತೆಗೆದುಹಾಕಿ. 1998ರ ಸಿ++ ಮಾನದಂಡ ಸರಾಸರಿಗೆ ಮಾತ್ರ `n log n` ಭರವಸೆ ಕೇಳಿತ್ತು. 2011ರ ಮಾನದಂಡದಿಂದ ಅತಿ ಕೆಟ್ಟ ಸಾಲಿಗೂ ಅದೇ ಭರವಸೆ ಕಡ್ಡಾಯ. ಅದನ್ನು ಉಳಿಸಿಕೊಡುವುದು ಮೇಲೆ ನೋಡಿದ `depth == 0` ಸಾಲುಗಳೇ. ಒಳಗೆ ಕ್ವಿಕ್‌ಸಾರ್ಟ್ ಇದೆ ಅನ್ನುವುದು ನಿಜ, ಆದರೆ ಅದು ಒಂಟಿಯಾಗಿಲ್ಲ. ಬೇರೆ ಭಾಷೆಗಳಲ್ಲೂ ಇದೇ ದಾರಿ ಹಿಡಿದಿದ್ದಾರೆ. ಡಾಟ್‌ನೆಟ್ 4.5ರಿಂದ `Array.Sort` ಇಂಟ್ರೋಸಾರ್ಟ್. ಜಾವಾ 14ರಲ್ಲಿ ಸಂಖ್ಯೆಗಳ `Arrays.sort`ಗೂ ಆಳ ಮೀರಿದಾಗ ಹೀಪ್ ಸಾರ್ಟ್‌ಗೆ ಹೋಗುವ ಏರ್ಪಾಡು ಸೇರಿತು.

ಬದಲಿಸುವ ಮೊದಲು ಒಂದು ವಿಷಯ ಗ್ರಾಹಕರ ಜೊತೆ ಮಾತಾಡಿಕೊಳ್ಳಿ. ಇಂಟ್ರೋಸಾರ್ಟ್ ಸಮನಾದ ದಾಖಲೆಗಳ ಹಳೆಯ ಕ್ರಮ ಉಳಿಸುವುದಿಲ್ಲ. ಫೈಲಿನಲ್ಲಿ ಗ್ರಾಹಕರ ಸಂಖ್ಯೆಯ ಪ್ರಕಾರ ಬಂದ 1.8 ಲಕ್ಷ ಸೊನ್ನೆ ಬಾಕಿಯವರು ಪಟ್ಟಿಯಲ್ಲಿ ಕಲಸಿಹೋಗುತ್ತಾರೆ. ನಿಮ್ಮ ಹಳೆಯ ಕ್ವಿಕ್‌ಸಾರ್ಟ್ ಕೂಡ ಕಲಸುತ್ತಿತ್ತು, ಆದರೆ ಸೊನ್ನೆಗಳು ಕಡಿಮೆ ಇದ್ದಾಗ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಲಿನಕ್ಸ್‌ನ ಜಿಲಿಬ್‌ಸಿ ತಂಡಕ್ಕೂ ಇದೇ ಬಿಸಿ ತಟ್ಟಿತ್ತು. 2023ರಲ್ಲಿ `qsort` ಒಳಗಿನ ಮರ್ಜ್ ಸಾರ್ಟ್ ತೆಗೆದು ಇಂಟ್ರೋಸಾರ್ಟ್ ಹಾಕಿದರು. ಸಮನಾದವುಗಳ ಕ್ರಮ ಉಳಿಯುತ್ತದೆ ಅಂತ ನಂಬಿ ಬರೆದ ಪ್ರೋಗ್ರಾಂಗಳು ತೊಂದರೆಗೆ ಸಿಕ್ಕಿದವು, ಬಿಡುಗಡೆಗೆ ಮೊದಲೇ ಮರ್ಜ್ ಸಾರ್ಟ್ ವಾಪಸ್ ಬಂತು.

`std::stable_sort` ಹಾಕಿದರೆ ಕ್ರಮ ಉಳಿಯುತ್ತದೆ, ಆದರೆ ಅದು ಹೆಚ್ಚುವರಿ ಮೆಮೊರಿ ಕೇಳುತ್ತದೆ, ಸಿಗದಿದ್ದರೆ ನಿಧಾನವಾಗುತ್ತದೆ. ನಿಮ್ಮ ದಾಖಲೆಯಲ್ಲಿ ಗ್ರಾಹಕರ ಸಂಖ್ಯೆ ಹೇಗೂ ಇದೆ. ಬಾಕಿ ಸಮನಾದಾಗ ಅದನ್ನು ನೋಡುವ ಹಾಗೆ ಹೋಲಿಕೆ ಬರೆದರೆ `std::sort` ಇಟ್ಟುಕೊಂಡೇ ಪಟ್ಟಿ ಪ್ರತಿ ತಿಂಗಳೂ ಒಂದೇ ಕ್ರಮದಲ್ಲಿ ಬರುತ್ತದೆ. ಗ್ರಾಹಕರ ಸಂಖ್ಯೆ ಬೇರೆ ಬೇರೆ ಇರುವುದರಿಂದ ಸಮನಾದ ದಾಖಲೆಗಳೇ ಉಳಿಯುವುದಿಲ್ಲ:

```cpp
std::sort(v.begin(), v.end(), [](const Rec& x, const Rec& y) {
    if (x.due != y.due) return x.due < y.due;
    return x.id < y.id;
});
```